ಕೊಳೆ ಹುಡುಕಿದರೆ ಸೊನ್ನೆ, ಕೊಲೆ ಹುಡುಕಿದರೆ 14

ಹೋದ ವರ್ಷ ಆಷಾಢದಲ್ಲಿ, ಮಳೆ ಬಿಟ್ಟೂಬಿಡದೆ ಹೊಡೆಯುತ್ತಿದ್ದಾಗ, ನಮ್ಮ ಕಡೆಯ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣ, ಕೊಳೆಗೆ ಎರಡನೇ ಸಲ ಮದ್ದು ಹೊಡೆಯೋದು ಯಾವಾಗ ಅಂತ ಹಿರೇರು ಒಬ್ಬರು ಮಾತಾಡಿದ್ರಲ್ಲ, ಅದು ಯಾವ ರೆಕಾರ್ಡಿಂಗಲ್ಲಿದೆ?" ಅಂದ. ಕೊಳೆ ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ. ನಾನು ಕಂಪ್ಯೂಟರ್ ಮುಂದೆಯೇ ಇದ್ದೆ. ಹುಡುಕಿ ನೋಡಿ, "ಇಲ್ಲ ಮಾರಾಯ, ಅದರ ಬಗ್ಗೆ ಯಾರೂ ಮಾತಾಡಿಲ್ಲ" ಅಂದೆ. ನಾನು ಹೇಳಿದ್ದು ತಪ್ಪಾಗಿತ್ತು. ಆ ತಪ್ಪು ಹೇಗಾಯಿತು ಅನ್ನುವುದನ್ನು ಪೂರ್ತಿಯಾಗಿ ಬರೆಯಬೇಕು ಅನ್ನಿಸಿ ಕೂತಿದ್ದೇನೆ, ಯಾಕೆಂದರೆ ಈಗ ಊರೂರಲ್ಲೂ ಜನ ಹೀಗೆ ಮಾತು ಕೂಡಿಡುತ್ತಿದ್ದಾರೆ.

ನಮ್ಮದು ಅಡಿಕೆ ಬೆಳೆಗಾರರ ಸಣ್ಣ ಗುಂಪು. ತೋಟದಲ್ಲಿ ನಿಂತು ಹಿರಿಯರು ಆಡಿದ ಮಾತುಗಳನ್ನು ನಾಲ್ಕೈದು ವರ್ಷದಿಂದ ರೆಕಾರ್ಡ್ ಮಾಡಿಟ್ಟಿದ್ದೇವೆ. ಒಂದೊಂದೂ ಮುಕ್ಕಾಲು ಗಂಟೆ, ಒಂದು ಗಂಟೆ. ಬೇಕಾದ ಎರಡು ನಿಮಿಷಕ್ಕಾಗಿ ಅಷ್ಟನ್ನೂ ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ. ಹಾಗಾಗಿ ಮಾತನ್ನು ತಾನೇ ಬರಹಕ್ಕಿಳಿಸುವ ಒಂದು ತಂತ್ರಾಂಶಕ್ಕೆ ಎಲ್ಲವನ್ನೂ ಕೊಟ್ಟು ಸಬ್‌ಟೈಟಲ್ ಫೈಲ್ ಮಾಡಿಸಿಕೊಂಡೆ. ಸಬ್‌ಟೈಟಲ್ ಅಂದರೆ ಸಿನಿಮಾದ ಕೆಳಗೆ ಓಡುವ ಸಾಲು ಅಂತಷ್ಟೇ ಅಂದುಕೊಂಡವರು ಆ ಫೈಲನ್ನು ಒಮ್ಮೆ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಬೇಕು. ಒಳಗಿರುವುದು ಬರೀ ಪಠ್ಯ:

```
212
00:31:08,400 --> 00:31:12,900
ಕೊಲೆ ಬಂದ ಮೇಲೆ ಏನು ಮಾಡಿದರೂ ಅಷ್ಟೇ
```

ಮೊದಲು ಕ್ರಮಸಂಖ್ಯೆ, ಆಮೇಲೆ ಮಾತು ಶುರುವಾದ ಮತ್ತು ಮುಗಿದ ಹೊತ್ತು, ಆಮೇಲೆ ಮಾತು. ಅಂದರೆ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಲ್ಲಿ ಪುಟಸಂಖ್ಯೆ ಇದ್ದ ಹಾಗೆ, ಇಲ್ಲಿ ಪ್ರತಿ ಮಾತಿಗೂ ನಿಮಿಷ ಸೆಕೆಂಡು ಅಂಟಿಕೊಂಡಿದೆ. ಪದ ಹುಡುಕಿದರೆ ನೇರ 31ನೇ ನಿಮಿಷಕ್ಕೆ ಹೋಗಿ ಕೇಳಬಹುದು. ಇಷ್ಟು ಚೆಂದದ ಅನುಕೂಲ ಇನ್ನೊಂದಿಲ್ಲ ಅಂತ ನಾನು ಈಗಲೂ ನಂಬಿದ್ದೇನೆ.

ಆದರೆ ಮೇಲಿನ ಸಾಲನ್ನು ಇನ್ನೊಮ್ಮೆ ಓದಿ. ಹಿರಿಯರು ಹೇಳಿದ್ದು "ಕೊಳೆ ಬಂದ ಮೇಲೆ". ತಂತ್ರಾಂಶ ಬರೆದದ್ದು "ಕೊಲೆ ಬಂದ ಮೇಲೆ".

ಆ 48 ನಿಮಿಷದ ಮಾತನ್ನು ಆಮೇಲೆ ನಾನು ಕಿವಿಗೊಟ್ಟು ಕೇಳಿ ಲೆಕ್ಕ ಹಾಕಿದೆ. ಅವರು ಕೊಳೆ, ಕೊಳೆರೋಗ ಅಂತ 22 ಸಲ ಅಂದಿದ್ದರು. ಫೈಲಿನಲ್ಲಿ "ಕೊಳೆ" ಒಂದು ಸಲವೂ ಇರಲಿಲ್ಲ. 14 ಕಡೆ "ಕೊಲೆ", 5 ಕಡೆ "ಕೊನೆ", ಉಳಿದ ಮೂರು ಕಡೆ "ಕೋಲೆ" ಅಂತ ಬಿದ್ದಿತ್ತು. ಮಲೆನಾಡಿನ ಅಡಿಕೆಯವರಿಗೆ ಇದಕ್ಕಿಂತ ಮುಖ್ಯವಾದ ಪದವೇ ಇಲ್ಲ. ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಈ ರೋಗದ ಬಗ್ಗೆ 1910ರಲ್ಲಿ ಬರೆದಾಗಿನಿಂದ ಇಂಗ್ಲಿಷ್ ಪುಸ್ತಕಗಳೂ ಇದನ್ನು ಕೊಳೆರೋಗ ಅಂತಲೇ ಕರೆಯುತ್ತಾ ಬಂದಿವೆ. ಅಂಥ ಪದ ನಮ್ಮದೇ ಮಾತಿನ ಸೂಚಿಯಿಂದ ಪೂರ್ತಿ ಕಾಣೆಯಾಗಿತ್ತು.

ಇಲ್ಲಿ ನಾನು ಹೇಳಬೇಕೆಂದಿರುವುದು ಒಂದೇ. ಅರ್ಥವಾಗದ ಹಾಗೆ ಕೆಟ್ಟಿರುವ ಸಾಲಿಗಿಂತ, ಸರಿಯಾದ ಕನ್ನಡ ಪದವೇ ತಪ್ಪು ಜಾಗದಲ್ಲಿ ಬಂದಿರುವ ಸಾಲು ಹೆಚ್ಚು ಅಪಾಯ. "ಕ್ಳೊಎ" ಅಂತ ಬಂದಿದ್ದರೆ ಓದಿದ ಯಾರಿಗಾದರೂ ಫೈಲ್ ಕೆಟ್ಟಿದೆ ಅಂತ ಗೊತ್ತಾಗುತ್ತಿತ್ತು, ಕಾಗುಣಿತ ನೋಡುವ ತಂತ್ರಾಂಶವೂ ಕೆಂಪು ಗೆರೆ ಎಳೆಯುತ್ತಿತ್ತು. "ಕೊಲೆ"ಗೆ ಯಾರೂ ಗೆರೆ ಎಳೆಯುವುದಿಲ್ಲ. ಅದು ಎರಡು ಕಡೆಯಿಂದ ಕೆಡಿಸುತ್ತದೆ: ಕೊಳೆ ಹುಡುಕಿದವನಿಗೆ ಈ ಮಾತು ಸಿಗುವುದಿಲ್ಲ, ಕೊಲೆ ಹುಡುಕಿದವನಿಗೆ ಸಿಗುತ್ತದೆ. ಪದಗಳನ್ನು ಎಣಿಸಿ ತಾನಾಗಿ ವಿಷಯದ ಚೀಟಿ ಅಂಟಿಸುವ ವ್ಯವಸ್ಥೆಯೊಂದಕ್ಕೆ ನಮ್ಮ ಫೈಲುಗಳನ್ನು ಹಾಕಿದಾಗ, ಕೊಳೆಗೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವ ಬೋರ್ಡೋ ದ್ರಾವಣದ ಮಾತಿಗೆ ಅದು "ಅಪರಾಧ" ಅಂತ ಚೀಟಿ ಅಂಟಿಸಿತು. ಅದರ ಮಟ್ಟಿಗೆ ಲೆಕ್ಕ ಸರಿಯಾಗಿಯೇ ಇತ್ತು.

ಯಾಕೆ ಹೀಗಾಗುತ್ತದೆ? ತಂತ್ರಾಂಶ ಕಿವಿಗೆ ಬಿದ್ದದ್ದನ್ನಷ್ಟೇ ಬರೆಯುವುದಿಲ್ಲ. ಸದ್ದು ಅಸ್ಪಷ್ಟವಾಗಿದ್ದಲ್ಲಿ, ತಾನು ಮೊದಲು ಕಲಿತ ಬರಹ ಮತ್ತು ಮಾತುಗಳಲ್ಲಿ ಯಾವ ಪದ ಹೆಚ್ಚು ಬಂದಿತ್ತೋ ಅತ್ತ ವಾಲುತ್ತದೆ. ಲಕಾರಕ್ಕೂ ಳಕಾರಕ್ಕೂ ಇರುವ ವ್ಯತ್ಯಾಸ ನಾಲಿಗೆ ಎಷ್ಟು ಮಡಚಿತು ಅನ್ನುವುದರಲ್ಲಿದೆ. ಮಳೆಯ ಸದ್ದು, ದೋಟಿ ತಾಗುವ ಸದ್ದು, ಮೂರು ಮಾರು ದೂರದ ಫೋನು ಸೇರಿದರೆ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಸುದ್ದಿಯಲ್ಲಿ ದಿನಾ ಕೊಲೆ ಇರುತ್ತದೆ, ಕೊಳೆ ವರ್ಷಕ್ಕೊಮ್ಮೆ ಬರುತ್ತದೆ. ಬೆಳೆ, ಬೆಲೆ, ಬೇಳೆ ಮೂರೂ ಕಲಸಿಹೋಗುವುದು ಹೀಗೇ. ಕೃಷಿಯ ಮಾತಿನಲ್ಲಿ ಬೆಳೆ ಇರುವಲ್ಲಿ ಬೆಲೆಯೂ ಹೊಂದಿಕೊಳ್ಳುತ್ತದೆ, ಹಾಗಾಗಿ ಓದಿ ಕಂಡುಹಿಡಿಯುವುದು ಇನ್ನೂ ಕಷ್ಟ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಮೋಸಗೊಳಿಸಿದ್ದು ಹಿಂಗಾರ. ಅಡಿಕೆ ಮರದ ಹೂಗೊಂಚಲಿಗೆ ನಾವು ಹಿಂಗಾರ ಅನ್ನುತ್ತೇವೆ. ಫೈಲಿನಲ್ಲಿ ಎಲ್ಲ ಕಡೆ "ಹಿಂಗಾರು" ಅಂತ ಇತ್ತು. "ಹಿಂಗಾರು ಒಣಗಿದರೆ ಆ ವರ್ಷದ ಫಸಲು ಹೋಯಿತು" ಅನ್ನುವ ಸಾಲನ್ನು ನಾನೇ ಓದಿ, ಮಳೆ ಕೈಕೊಟ್ಟ ವಿಷಯ ಅಂದುಕೊಂಡು, ಮಳೆಗಾಲದ ಪಟ್ಟಿಗೆ ಸೇರಿಸಿದ್ದೆ. ಅವರು ಹೇಳುತ್ತಿದ್ದದ್ದು ಹಿಂಗಾರ ಒಣಗುವ ರೋಗದ ಬಗ್ಗೆ. ಒಂದು ಉಕಾರದಿಂದ ಶಿಲೀಂಧ್ರದ ವಿಷಯ ಹೋಗಿ ಹವಾಮಾನದ ವಿಷಯವಾಯಿತು. ಸಾಲಿನಲ್ಲಿ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ. ಧ್ವನಿ ಕೇಳದೆ ಇದನ್ನು ಹಿಡಿಯಲು ಯಾರಿಂದಲೂ ಆಗುವುದಿಲ್ಲ.

ಇನ್ನೊಂದು ತಪ್ಪಿನ ಬಗ್ಗೆ ನನಗೆ ನಿಜಕ್ಕೂ ಭಯವಿದೆ. ನಮ್ಮಲ್ಲಿ ಹಲವರು ಮಾತಾಡುವುದು ಹವ್ಯಕ ಕನ್ನಡ. ಅದರಲ್ಲಿ "ಮಾಡ್ಲಾಗ" ಅಂದರೆ ಮಾಡಬಾರದು. ಮಳೆ ಹನಿಯುವಾಗ ಮದ್ದು "ಹೊಡಿಲಾಗ" ಅಂತ ಒಬ್ಬರು ಒತ್ತಿ ಹೇಳಿದ್ದರು. ತಂತ್ರಾಂಶ ಅದನ್ನು ಪುಸ್ತಕದ ಕನ್ನಡಕ್ಕೆ ಎಳೆದು "ಹೊಡೆಯಲಾಗಿದೆ" ಅಂತ ಬರೆಯಿತು. ಬೇಡ ಅಂದದ್ದು, ಆಗಿದೆ ಅಂತಾಯಿತು. ಹುಡುಕುವವನಿಗೆ "ಮಳೆ", "ಮದ್ದು" ಎರಡೂ ಪದ ಸರಿಯಾಗಿಯೇ ಸಿಗುತ್ತವೆ, ಸಿಕ್ಕ ಸಾಲು ಮಾತ್ರ ತಿರುವುಮುರುವು. ಹಾಗಾಗಿ ಈಗ ನಮ್ಮ ಗುಂಪಿನಲ್ಲಿ ಒಂದು ಕಟ್ಟು ಮಾಡಿಕೊಂಡಿದ್ದೇವೆ: ಸಬ್‌ಟೈಟಲ್ ಸಾಲನ್ನು ನೋಡಿ ಯಾರಿಗೂ ಸಲಹೆ ಕೊಡುವ ಹಾಗಿಲ್ಲ. ಅದು ನಿಮಿಷ ತೋರಿಸಲಿಕ್ಕೆ ಮಾತ್ರ. ಮಾತು ಧ್ವನಿಯಲ್ಲೇ ಕೇಳಬೇಕು.

ಪದ ಸರಿಯಾಗಿದ್ದರೂ ಹುಡುಕಾಟ ತಪ್ಪುವುದುಂಟು. ಸಬ್‌ಟೈಟಲ್ ಸಾಲು ಉಸಿರಿಗೆ ತಕ್ಕಂತೆ ಮುರಿಯುತ್ತದೆ, ಅರ್ಥಕ್ಕೆ ತಕ್ಕಂತೆ ಅಲ್ಲ. "ಮೈಲು" ಒಂದು ತುಣುಕಿನ ಕೊನೆಗೂ "ತುತ್ತ" ಮುಂದಿನದರ ಮೊದಲಿಗೂ ಬಿದ್ದರೆ ಮೈಲುತುತ್ತ ಸಿಗುವುದಿಲ್ಲ. ಇದಕ್ಕೆ ಎದುರಾದ ತೊಂದರೆ, ವಿಡಿಯೊ ತಾಣಗಳಿಂದ ಇಳಿಸಿಕೊಂಡ, ವಿಟಿಟಿ ಅನ್ನುವ ಇನ್ನೊಂದು ಥರದ ಸಬ್‌ಟೈಟಲ್ ಫೈಲುಗಳಲ್ಲಿ. ಮೇಲಕ್ಕೆ ಸರಿಯುವ ಎರಡು ಸಾಲು ತೋರಿಸಲೆಂದು ಒಂದೇ ಸಾಲನ್ನು ಎರಡು ಮೂರು ಸಲ ಬರೆದಿರುತ್ತಾರೆ. ಹಾಗೆಯೇ ಎಣಿಸಿದರೆ ಒಂದು ಸಲ ಹೇಳಿದ್ದು ಮೂರು ಸಲ ಹೇಳಿದ ಹಾಗೆ ಕಾಣುತ್ತದೆ.

ನಾನು ಮೊದಲು ಮಾಡಲು ಹೊರಟದ್ದು ಸುಲಭದ ದಾರಿ: ಎಲ್ಲ ಫೈಲಿನಲ್ಲೂ "ಕೊಲೆ"ಯನ್ನು "ಕೊಳೆ" ಮಾಡಿಬಿಡುವುದು. ಪುಣ್ಯಕ್ಕೆ ನನ್ನ ತಂಗಿ ತಡೆದಳು. ಹಳೆಯ ಗೇಣಿ ಗಲಾಟೆಯ ಬಗ್ಗೆ ಅಜ್ಜಿಯೊಬ್ಬರು ಹೇಳಿದ ರೆಕಾರ್ಡಿಂಗೂ ಅದೇ ಫೋಲ್ಡರಿನಲ್ಲಿತ್ತು, ಅದರಲ್ಲಿ ನಿಜವಾದ ಕೊಲೆಯ ಮಾತಿದೆ. ಒಂದು ತಪ್ಪು ತಿದ್ದಲು ಹೋಗಿ ಇನ್ನೊಂದನ್ನು ನಾನೇ ಮಾಡುತ್ತಿದ್ದೆ. ಆದ್ದರಿಂದ ಈಗ ತಂತ್ರಾಂಶ ಕೊಟ್ಟ ಫೈಲನ್ನು ಮುಟ್ಟುವುದಿಲ್ಲ. ಫೈಲುಗಳಲ್ಲಿ ಪದ ಹುಡುಕುವ grep ಅನ್ನುವ ಆಜ್ಞೆಯಿಂದ ತಪ್ಪು ರೂಪಗಳನ್ನೂ ಸೇರಿಸಿ ಹುಡುಕುತ್ತೇನೆ:

```
grep -nE -B2 'ಕೊಳೆ|ಕೊಲೆ|ಕೋಲೆ' *.srt
```

ಇಲ್ಲಿನ `-B2` ಸಿಕ್ಕ ಸಾಲಿನ ಮೇಲಿನ ಎರಡು ಸಾಲನ್ನೂ ತೋರಿಸುತ್ತದೆ, ಹಾಗಾಗಿ ನಿಮಿಷ ಕಣ್ಣಿಗೆ ಬೀಳುತ್ತದೆ. "ಕೊನೆ"ಯನ್ನು ಬೇಕೆಂದೇ ಬಿಟ್ಟಿದ್ದೇನೆ. ಅಡಿಕೆಯ ಗೊನೆಗೂ ನಾವು ಕೊನೆ ಅನ್ನುತ್ತೇವೆ, ಮುಗಿಯುವುದಕ್ಕೂ ಕೊನೆ ಅನ್ನುತ್ತೇವೆ. ಅದನ್ನು ಸೇರಿಸಿದರೆ ಪುಟಗಟ್ಟಲೆ ಬೇಡದ ಸಾಲು ಬಂದು ಬೇಕಾದದ್ದು ಮುಳುಗುತ್ತದೆ. ಆ ಐದು ಸಲದ ಮಾತು ಈ ದಾರಿಯಲ್ಲಿ ಸಿಗುವುದಿಲ್ಲ ಅಂತ ಒಪ್ಪಿಕೊಂಡಿದ್ದೇನೆ. ಅದೇ ರೆಕಾರ್ಡಿಂಗ್ ಉಳಿದ 17 ಕಡೆಯಿಂದ ಸಿಗುವುದರಿಂದ ನಷ್ಟ ಹೆಚ್ಚಿಲ್ಲ.

ಹೊಸ ಫೈಲ್ ಬಂದಾಗ ನಂಬಬಹುದೋ ಇಲ್ಲವೋ ನೋಡಲು ಇನ್ನೊಂದು ಕೆಲಸ ಮಾಡುತ್ತೇನೆ. ಮೊದಲು, ನಡುವೆ, ಕೊನೆಗೆ ಅಂತ ಐದೈದು ನಿಮಿಷ ಕೇಳಿ, ಕೊಳೆ, ಹಿಂಗಾರ, ಮೈಲುತುತ್ತ, ಸುಣ್ಣದಂಥ ಹತ್ತು ಪದ ಎಷ್ಟು ಸಲ ಬಂತು ಅಂತ ಕಾಗದದ ಮೇಲೆ ಗೀಟು ಹಾಕುತ್ತೇನೆ. ಆಮೇಲೆ ಫೈಲಿನ ಅದೇ ಭಾಗದಲ್ಲಿ ಎಷ್ಟಿದೆ ನೋಡುತ್ತೇನೆ. ಅರ್ಧಕ್ಕಿಂತ ಕಡಿಮೆ ಸಿಕ್ಕರೆ ಆ ಫೈಲಿನ ಹೆಸರಿನ ಮುಂದೆ "ಕೇಳದೆ ಇಲ್ಲ ಅನ್ನಬೇಡಿ" ಅಂತ ಬರೆದಿಡುತ್ತೇನೆ. ಎಲ್ಲ ಕಡೆ ಒಂದೇ ಥರ ತಪ್ಪಿದ್ದರೆ ಪಟ್ಟಿಗೆ ಆ ರೂಪ ಸೇರಿಸಿದರೆ ಮುಗಿಯಿತು. ಒಂದೇ ಪದ ಐದಾರು ಥರ ತಪ್ಪಿದ್ದರೆ ಕೂತು ಕೈಯಲ್ಲೇ ತಿದ್ದಬೇಕು, ತಿದ್ದಿದ್ದನ್ನು ಬೇರೆ ಹೆಸರಿನ ಫೈಲಿನಲ್ಲಿ ಇಡಬೇಕು.

ಆ ಹುಡುಗನಿಗೆ ಮರುದಿನವೇ ಫೋನ್ ಮಾಡಿ ಹೇಳಿದೆ. 34ನೇ ನಿಮಿಷದಲ್ಲಿದೆ: ಮುಂಗಾರು ಹಿಡಿಯುವ ಮೊದಲು ಒಂದು ಸಲ, ಅದಾಗಿ 40ರಿಂದ 45 ದಿನಕ್ಕೆ ಇನ್ನೊಂದು ಸಲ, ಶೇಕಡ 1ರ ಬೋರ್ಡೋ.

ನಮ್ಮ ಪಟ್ಟಿಯಲ್ಲಿ ಈಗ ನಲವತ್ತು ಚಿಲ್ಲರೆ ಪದಗಳಿವೆ, ಪ್ರತಿ ಪದದ ಎದುರು ಅದು ಕೆಟ್ಟು ಬರುವ ರೂಪಗಳಿವೆ. ಎಲ್ಲವೂ ಅಡಿಕೆಯವು. ಭತ್ತ, ಕಾಫಿ, ಮೀನುಗಾರಿಕೆ, ನೇಯ್ಗೆಯ ಮಾತು ಕೂಡಿಟ್ಟವರು ಇಲ್ಲಿದ್ದರೆ, ನಿಮ್ಮ ಪದಗಳು ಏನಾಗಿ ಬಂದಿವೆ ಅಂತ ಕೆಳಗೆ ಬರೆಯಿರಿ. ಹೇಳಿದ್ದು ಏನು, ಬರೆದದ್ದು ಏನು, ಎರಡನ್ನೂ ಬರೆಯಿರಿ. ಒಟ್ಟು ಪಟ್ಟಿ ಮಾಡಿ ಕೇಳಿದವರಿಗೆಲ್ಲ ಕಳಿಸುತ್ತೇನೆ.