ಬಾವಿಯ ಒರತೆ ಅಳೆದದ್ದು ಯಾವ ತಿಂಗಳಲ್ಲಿ ಸ್ವಾಮೀ?

ನಿನ್ನೆ ನಮ್ಮ ಕಡೆಯ ಒಂದು ಗ್ರಾಮಸಭೆಗೆ ಹೋಗಿದ್ದೆ. ಹೋಗಬಾರದಿತ್ತು. ಬಿಪಿ ಮಾತ್ರೆ ತಗೊಂಡು ಹೋಗಿದ್ದರೂ ಪ್ರಯೋಜನ ಆಗಲಿಲ್ಲ.

ಹೊಸ ಕುಡಿಯುವ ನೀರಿನ ಯೋಜನೆಯ ಡಿಪಿಆರ್, ಅಂದರೆ ವಿಸ್ತೃತ ಯೋಜನಾ ವರದಿಯ ಸಾರಾಂಶ ಓದುತ್ತಿದ್ದರು. ಟ್ಯಾಂಕ್ ಎಷ್ಟು ದೊಡ್ಡದು, ಪೈಪ್ ಎಷ್ಟು ಉದ್ದ, ಮೋಟಾರ್ ಎಷ್ಟು ಎಚ್‌ಪಿ, ಎಲ್ಲ ಸರಿಯಾಗಿತ್ತು. 'ಸುಸ್ಥಿರತೆ' ಅಂತ ಒಂದು ಅಧ್ಯಾಯವೂ ಇತ್ತು. ಅದರಲ್ಲಿ ಒಂದೇ ಸಾಲು: "ಜಲಮೂಲದ ಇಳುವರಿ ಸಾಕಷ್ಟಿದೆ." ಯಾವಾಗ ಅಳೆದದ್ದು ಅಂತ ಕೇಳಿದೆ. ಕಡತ ತಿರುವಿ ನೋಡಿ ಹೇಳಿದರು: ಡಿಸೆಂಬರ್.

ನಾನು ಕುಡಿಯುವ ನೀರಿನ ಇಲಾಖೆಯಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಹಾಗಾಗಿ ಡಿಸೆಂಬರ್ ಅಂದ ಕೂಡಲೇ ಉಳಿದದ್ದು ಕೇಳುವ ಅಗತ್ಯ ಬೀಳಲಿಲ್ಲ. ನನಗಿಂತ ಮೊದಲು ಹಿಂದಿನ ಸಾಲಿನಲ್ಲಿ ಕೂತಿದ್ದ ಬೀಡಿ ಕಟ್ಟುವ ಅಕ್ಕ ಒಬ್ಬರು ಹೇಳಿಬಿಟ್ಟರು: "ಡಿಸೆಂಬರಲ್ಲಿ ತೋಡಿನಲ್ಲಿಯೂ ನೀರುಂಟು ಮಾರಾಯ್ರೇ, ಅದಕ್ಕೆ ನಲ್ಲಿ ಯಾಕೆ?"

ಸಭೆ ನಕ್ಕಿತು. ವೇದಿಕೆಯ ಮೇಲಿದ್ದವರೂ ನಕ್ಕರು. ಪ್ರಶ್ನೆ ಅಲ್ಲಿಗೇ ಮುಗಿಯಿತು.

ನಮ್ಮ ಕರಾವಳಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮೇಲೆ ಮುರಕಲ್ಲು, ತೂತು ತೂತು. ಕೆಳಗೆ ನೀರು ಇಳಿಯದ ಶೇಡಿ ಮಣ್ಣು. ಮುರಕಲ್ಲಿನಲ್ಲಿ ಬೇಗ ಇಳಿದ ನೀರು ಶೇಡಿ ಮಣ್ಣಿನ ಮೇಲೆ ಜಾರಿ ತೋಡಿಗೆ ಬರುತ್ತದೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ. ಅದಕ್ಕೇ ಇಲ್ಲಿಯ ಬಾವಿ ದೀಪಾವಳಿಗೆ ಶ್ರೀಮಂತ, ಮೇ ಕೊನೆಯ ಪತ್ತನಾಜೆ ಹೊತ್ತಿಗೆ ಭಿಕಾರಿ. 2019ರ ಮೇ ತಿಂಗಳಲ್ಲಿ ಉಡುಪಿಗೆ ನೀರು ಕೊಡುವ ಬಜೆ ಅಣೆಕಟ್ಟಿನಲ್ಲಿ ಸ್ವರ್ಣಾ ನದಿ ತಳ ಕಂಡು, ಉಡುಪಿ ಪೇಟೆಯಲ್ಲೇ ಟ್ಯಾಂಕರ್ ಓಡಿತ್ತು. ಹೊಳೆಯದ್ದೇ ಆ ಕಥೆಯಾದರೆ ಬಾವಿಯದ್ದು ಕೇಳಬೇಕಾ?

ಒಂದು ಲೆಕ್ಕ ಮಾಡೋಣ. ಅನುಕೂಲಕ್ಕೆ ಅಂಕಿಗಳನ್ನು ಗುಂಡಗೆ ಇಟ್ಟಿದ್ದೇನೆ. 400 ಮನೆ, 2000 ಜನ. ಜಲ ಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಲ್ಲಿಗೆ 1 ಲಕ್ಷ 10 ಸಾವಿರ ಲೀಟರ್. ಸೋರಿಕೆಗೆ ಶೇಕಡಾ 15 ಸೇರಿಸಿ, ಸುಮಾರು 1 ಲಕ್ಷ 26 ಸಾವಿರ.

ಈಗ ಬಾವಿ. 6 ಮೀಟರ್ ವ್ಯಾಸದ ತೆರೆದ ಬಾವಿ. ಒರತೆ ಅಳೆಯುವುದು ಕಷ್ಟದ ವಿದ್ಯೆ ಅಲ್ಲ. ಪಂಪ್ ಹಾಕಿ ನೀರು ಇಳಿಸುತ್ತೀರಿ, ಪಂಪ್ ನಿಲ್ಲಿಸುತ್ತೀರಿ, ಅಳತೆ ಟೇಪ್ ಬಿಟ್ಟು ಗಂಟೆಗೆ ನೀರು ಎಷ್ಟು ಮೇಲೆ ಬಂತು ಅಂತ ನೋಡುತ್ತೀರಿ. ಡಿಸೆಂಬರ್‌ನಲ್ಲಿ 25 ಸೆಂಟಿಮೀಟರ್ ಬಂತು ಅಂದುಕೊಳ್ಳಿ. ಗಂಟೆಗೆ ಸುಮಾರು 7000 ಲೀಟರ್ ಆಯ್ತು. ದಿನಕ್ಕೆ 18 ಗಂಟೆ ಹೀಗೇ ತುಂಬಿದರೆ 1 ಲಕ್ಷ 26 ಸಾವಿರ. ಆಹಾ, ಕೂದಲೆಳೆಯಷ್ಟೂ ಆಚೀಚೆ ಇಲ್ಲ! ಡಿಪಿಆರ್ ಪಾಸ್.

ಅದೇ ಬಾವಿಗೆ ಮೇ ಮೂರನೇ ವಾರ ಟೇಪ್ ಬಿಡಿ. ಗಂಟೆಗೆ 8 ಸೆಂಟಿಮೀಟರ್ ಏರಿದರೆ 2250 ಲೀಟರ್. 18 ಗಂಟೆಗೆ 40 ಸಾವಿರ ಚಿಲ್ಲರೆ. ದಾರಿಯಲ್ಲಿ ಸೋರಿದ್ದು ಕಳೆದರೆ ಒಬ್ಬರಿಗೆ 20 ಲೀಟರೂ ಬರುವುದಿಲ್ಲ. ಟ್ಯಾಂಕ್ ಅದೇ, ಪೈಪ್ ಅದೇ, ಮೋಟಾರ್ ಅದೇ. ಟೇಪ್ ಬಿಟ್ಟ ತಾರೀಕು ಮಾತ್ರ ಬೇರೆ.

"ಸರ್, ಬರೀ ಎರಡು ತಿಂಗಳ ಸಮಸ್ಯೆಗೋಸ್ಕರ ಇಡೀ ಯೋಜನೆ ದೊಡ್ಡದು ಮಾಡಿದರೆ ದುಡ್ಡು ದಂಡ ಅಲ್ವಾ?" ಅಂತ ಯುವ ಇಂಜಿನಿಯರ್ ಒಬ್ಬರು ಮೆಲ್ಲಗೆ ಕೇಳಿದರು. ಒಳ್ಳೆ ಹುಡುಗ. ಮೈದಾನ ಸೀಮೆಯಲ್ಲಾದರೆ ಆ ಮಾತಿಗೆ ತೂಕ ಇರುತ್ತಿತ್ತೇನೋ. ಇಲ್ಲಿ ಉಳಿದ ಹತ್ತು ತಿಂಗಳು ಹೆಚ್ಚಿನ ಮನೆಯಂಗಳದ ಬಾವಿಯಲ್ಲೇ ನೀರಿರುತ್ತದೆ ಮಾರಾಯಾ. ಸರಕಾರದ ನಲ್ಲಿ ಬೇಕಾಗಿರುವುದೇ ಆ ಎರಡು ತಿಂಗಳಿಗೆ. ಆಗಲೇ ಕೈಕೊಡುವ ಯೋಜನೆಗೆ ಸುಸ್ಥಿರತೆಯ ಅಧ್ಯಾಯ ಬೇರೆ ಕೇಡು.

ಇನ್ನು 'ಸಾಮಾಜಿಕ ಪರಿಣಾಮ'. ಅದಕ್ಕೂ ಒಂದು ಪ್ಯಾರಾ ಇತ್ತು: ಮಹಿಳೆಯರಿಗೆ ಸಮಯ ಉಳಿತಾಯವಾಗುತ್ತದೆ. ಯಾವ ಮಹಿಳೆಯರಿಗೆ? ನಿಜ ಹೇಳುತ್ತೇನೆ, ನಮ್ಮ ಮನೆಗೂ ನಲ್ಲಿ ಇದೆ. ಬಿಲ್ ಕಟ್ಟುತ್ತೇನೆ. ಕುಡಿಯುವುದು ಬಾವಿ ನೀರೇ, ನಲ್ಲಿ ನೀರು ಹೋಗುವುದು ಮಲ್ಲಿಗೆ ಗಿಡಕ್ಕೆ. ಲೆಕ್ಕದಲ್ಲಿ ನಾವೂ ಫಲಾನುಭವಿಗಳು! ಆ ಬೀಡಿ ಅಕ್ಕನ ಮನೆ ಇರುವುದು ಗುಡ್ಡೆ ಮೇಲಿನ ಐದು ಸೆಂಟ್ಸ್ ಕಾಲೊನಿಯಲ್ಲಿ. ಐದು ಸೆಂಟ್ಸ್‌ನಲ್ಲಿ ಮನೆ ಕಟ್ಟಿ, ಪಾಯಿಖಾನೆ ಗುಂಡಿ ತೋಡಿದ ಮೇಲೆ ಬಾವಿಗೆ ಜಾಗ ಎಲ್ಲಿದೆ? ಇದ್ದರೂ ಗುಂಡಿಯ ಪಕ್ಕದ ಬಾವಿ ನೀರು ಕುಡಿಯುವ ಹಾಗಿಲ್ಲ. ಊರಿನಲ್ಲಿ ನಲ್ಲಿ ಬಿಟ್ಟರೆ ಬೇರೆ ಗತಿ ಇಲ್ಲದವರು ಆ ಕಾಲೊನಿಯವರು ಮಾತ್ರ. ಪೈಪ್ ಲೈನಿನ ಕಟ್ಟಕಡೆಯಲ್ಲಿರುವವರೂ ಅವರೇ, ಎತ್ತರದಲ್ಲಿರುವವರೂ ಅವರೇ.

ಟ್ಯಾಂಕ್‌ಗೆ ಮೂರರಲ್ಲಿ ಒಂದು ಭಾಗ ನೀರು ಬಂದ ದಿನ ವಾಲ್ವ್ ತೆರೆದರೆ ಏನಾಗುತ್ತದೆ? ತಗ್ಗಿನ ಮನೆಗಳು ಸಂಪು ತುಂಬಿಸಿಕೊಳ್ಳುತ್ತವೆ. ಗುಡ್ಡೆಯ ನಲ್ಲಿಯಲ್ಲಿ ಗಾಳಿ ಬರುತ್ತದೆ. ಸರಾಸರಿ ತೆಗೆದರೆ ತಲಾ ಸುಮಾರು 17 ಲೀಟರ್. ಸರಾಸರಿಯನ್ನು ಕೊಡಪಾನದಲ್ಲಿ ಹಿಡಿಯಲಿಕ್ಕೆ ಆಗುತ್ತದಾ? ಅಕ್ಕ ಟ್ಯಾಂಕರ್ ಕಾಯುತ್ತಾ ಕೂತ ಹೊತ್ತಿಗೆ ಎಷ್ಟು ಬೀಡಿ ತಪ್ಪುತ್ತದೆ ಅಂತ ಬೆರಳು ಮಡಚಿ ಹೇಳುತ್ತಾಳೆ. ಸಮಯದ ಬೆಲೆ ಅಂದರೆ ಅದು. ಬಾವಿ ಇದ್ದ ಮನೆ, ಇಲ್ಲದ ಮನೆ ಅಂತ ಎರಡು ಪಟ್ಟಿ ಮಾಡಿ ಮೇ ತಿಂಗಳ ನೀರು ಯಾವ ಪಟ್ಟಿಗೆ ಎಷ್ಟು ಅಂತ ಬರೆದಿದ್ದರೆ ಸಾಕಿತ್ತು. ಗ್ರಾಮ ನೀರು ಸಮಿತಿಯಲ್ಲಿ ಅರ್ಧ ಹೆಂಗಸರು ಇರಬೇಕು ಅಂತ ನಿಯಮವೇ ಇದೆ. ಇದ್ದಾರೆ ಕೂಡ. ಸಹಿ ಹಾಕಿಸುವಾಗ ಕರೆಯುತ್ತಾರೆ.

ಹಾಗಾದರೆ ಏನು ಮಾಡಬೇಕಿತ್ತು ಅಂತ ಕೇಳುತ್ತೀರಿ. ಮೇ ಅಳತೆ ಕೈಯಲ್ಲಿದ್ದರೆ ಎರಡನೇ ಜಲಮೂಲ ಬೇಕು ಅಂತ ಡಿಪಿಆರ್‌ನಲ್ಲೇ ಗೊತ್ತಾಗುತ್ತಿತ್ತು. ಬಾವಿಯ ಹತ್ತಿರದ ತೋಡಿಗೆ ಒಂದು ಕಿಂಡಿ ಅಣೆಕಟ್ಟು ಹಾಕಿ ನೀರು ನಿಲ್ಲಿಸಿದರೆ ಒರತೆ ಇನ್ನಷ್ಟು ದಿನ ಎಳೆಯುತ್ತದೆ. ನಮ್ಮ ಅಜ್ಜಂದಿರು ಮಣ್ಣಿನ ಕಟ್ಟ ಹಾಕುತ್ತಿದ್ದದ್ದೂ ಅದಕ್ಕೇ. ಆದರೆ ಕಿಂಡಿಗೆ ಹಲಗೆ ಹಾಕಬೇಕಾದದ್ದು ತೋಡು ಇನ್ನೂ ಹರಿಯುವಾಗ. ಜನವರಿ ಕೊನೆಗೆ ಹಾಕಿದರೆ ಹಿಂದೆ ನಿಲ್ಲಲಿಕ್ಕೆ ನೀರೇ ಇರುವುದಿಲ್ಲ. ಮಳೆಗೆ ಮೊದಲು ತೆಗೆಯದಿದ್ದರೆ ಪಕ್ಕದ ತೋಟ ಕೊಚ್ಚಿ ಹೋಗುತ್ತದೆ. ಹಾಕುವವರಿಗೆ, ತೆಗೆಯುವವರಿಗೆ ವರ್ಷ ವರ್ಷ ಕೂಲಿ ಬೇಕು. ಆ ಕೂಲಿ ನಿರ್ವಹಣೆ ವೆಚ್ಚದ ಪಟ್ಟಿಯಲ್ಲಿ ಇಲ್ಲದಿದ್ದರೆ ಹಲಗೆ ಪಂಚಾಯತ್ ಗೋಡೌನಿನಲ್ಲಿ ಗೆದ್ದಲಿಗೆ ಊಟ.

ಎಲ್ಲ ಮನೆಗೂ ನಲ್ಲಿ ನೀರು ಬಂತು ಅನ್ನುವ 'ಹರ್ ಘರ್ ಜಲ್' ಪ್ರಮಾಣಪತ್ರಕ್ಕೆ ಗ್ರಾಮಸಭೆಯ ನಿರ್ಣಯ ಬೇಕು, ಗೊತ್ತಿರಲಿ. ಆ ಸಭೆಯನ್ನು ದಯವಿಟ್ಟು ಮಳೆಗಾಲದಲ್ಲಿ ಇಟ್ಟುಕೊಳ್ಳಬೇಡಿ. ಮೇ ತಿಂಗಳಲ್ಲಿ ಇಡಿ, ಗುಡ್ಡೆ ಮೇಲೆಯೇ ಇಡಿ. ಜೊತೆಗೆ ಪಂಚಾಯತ್‌ನ ಏಪ್ರಿಲ್, ಮೇ ಟ್ಯಾಂಕರ್ ಬಿಲ್ಲು ಕೇಳಿ, ಯೋಜನೆಗೆ ಹಿಂದಿನದ್ದೂ ಮುಂದಿನದ್ದೂ. ಯೋಜನೆ ಮುಗಿದ ಮೇಲೂ ಅದೇ ಮೊತ್ತ ಬರುತ್ತಿದ್ದರೆ ಬೇರೆ ಮೌಲ್ಯಮಾಪನ ವರದಿ ಬೇಡ.

ಹಳೆ ಸಹೋದ್ಯೋಗಿಗಳು ಕೆಳಗೆ ಕಾಮೆಂಟಿನಲ್ಲಿ "ಮಾರ್ಗಸೂಚಿ ಪ್ರಕಾರವೇ ಮಾಡಿದ್ದೇವೆ" ಅಂತ ಬರೆಯುತ್ತೀರಿ, ಗೊತ್ತು. ಬರೆಯಿರಿ. ಒರತೆ ಅಳೆದ ತಾರೀಕನ್ನೂ ಪಕ್ಕದಲ್ಲಿ ಹಾಕಿಬಿಡಿ.