583201 ಯಾವ ಜಿಲ್ಲೆ?

ಆನ್‌ಲೈನ್ ಫಾರ್ಮಲ್ಲಿ ಪಿನ್‌ಕೋಡ್ ಹೊಡೆದ ತಕ್ಷಣ ಜಿಲ್ಲೆ, ರಾಜ್ಯ ಎಲ್ಲಾ ತಾನಾಗೇ ತುಂಬ್ಕೊಳ್ಳತ್ತಲ್ಲ, ಆ ಧೈರ್ಯ ನೋಡಿದ್ರೆ ನಂಗೆ ನಗು ಬರತ್ತೆ. ಯಾಕಂದ್ರೆ ಪಿನ್‌ಕೋಡ್‌ಗೆ ಜಿಲ್ಲೆ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರೋದು ಒಂದೇ, ಈ ಕಾಗದನ ಕೊನೆಗೆ ಹಂಚೋದು ಯಾವ ಪೋಸ್ಟಾಫೀಸು ಅಂತ.

ಹೊಸಪೇಟೆದು 583201. ಮೊದಲ 5 ಅಂದ್ರೆ ದಕ್ಷಿಣದ ಒಂದು ವಲಯ, 58 ಅನ್ನೋಷ್ಟರಲ್ಲಿ ಕರ್ನಾಟಕ ಅಂತ ಗೊತ್ತಾಗತ್ತೆ, 583 ಅಂದ್ರೆ ಬಳ್ಳಾರಿ ಕಡೆಯ ಟಪಾಲು ವಿಂಗಡಿಸೋ ವಿಭಾಗ, ಕೊನೆಯ 201 ಹೊಸಪೇಟೆ ಅಂಚೆ ಕಚೇರಿ. 2021ರಲ್ಲಿ ವಿಜಯನಗರ ಅಂತ ಹೊಸ ಜಿಲ್ಲೆ ಆಯ್ತು, ಹೊಸಪೇಟೆನೇ ಅದರ ಕೇಂದ್ರ, ಬೋರ್ಡುಗಳೆಲ್ಲ ಬದಲಾದ್ವು, ಪಿನ್‌ಕೋಡ್ ಮಾತ್ರ ಅಲ್ಲಾಡ್ಲಿಲ್ಲ. ಅಲ್ಲಾಡೋದಕ್ಕೆ ಕಾರಣನೂ ಇರ್ಲಿಲ್ಲ ಬಿಡಿ, ಹಂಚೋ ಆಫೀಸು ಅದೇ ಜಾಗದಲ್ಲೇ ಇತ್ತಲ್ಲ. ಆದ್ರೆ 583 ಅಂದ್ರೆ ಬಳ್ಳಾರಿ ಅಂತ ಯಾರಾದ್ರೂ ಪ್ರೋಗ್ರಾಮಲ್ಲಿ ಬರೆದಿಟ್ಟಿದ್ರೆ ಹೊಸಪೇಟೆಯವರು ಅಲ್ಲಿ ಬಳ್ಳಾರಿ ಜಿಲ್ಲೆಯವರಾಗೇ ಉಳೀತಾರೆ. 577 ಇನ್ನೂ ಮಜಾ, ದಾವಣಗೆರೆ 577001, ಚಿಕ್ಕಮಗಳೂರು 577101, ಶಿವಮೊಗ್ಗ 577201, ಚಿತ್ರದುರ್ಗ 577501, ಮೊದಲ ಮೂರು ಅಂಕಿ ನೋಡಿ ಇದ್ರಲ್ಲಿ ಯಾವ ಜಿಲ್ಲೆ ಅಂತ ಹೇಳ್ತೀರ?

ಇದು ಶುರುವಾಗಿದ್ದು 1972ರ ಆಗಸ್ಟ್ 15ಕ್ಕೆ. ಒಂದೇ ಹೆಸರಿನ ಊರುಗಳು ಹತ್ತಾರು, ವಿಳಾಸ ಬರೆಯೋ ಲಿಪಿಗಳೂ ಹತ್ತಾರು, ವಿಂಗಡಿಸೋನಿಗೆ ಊರಿನ ಹೆಸರು ಓದಕ್ಕೆ ಬರ್ಲಿಲ್ಲ ಅಂದ್ರೂ ಅಂಕಿ ನೋಡಿ ಸರಿಯಾದ ಚೀಲಕ್ಕೆ ಹಾಕ್ಲಿ ಅನ್ನೋದು ಲೆಕ್ಕಾಚಾರ. ಚೀಲ ಹೋಗೋ ದಾರಿ ರೈಲು, ಬಸ್ಸಿಗೆ ಹೊಂದ್ಕೊಂಡಿರತ್ತೆ, ವಿಧಾನಸೌಧಕ್ಕಲ್ಲ. ಹಳ್ಳಿಗಳ ಚಿಕ್ಕ ಶಾಖಾ ಕಚೇರಿಗಳಿಗೆ ಸ್ವಂತ ಕೋಡ್ ಇರಲ್ಲ, ತಮಗೆ ಚೀಲ ಕಳಿಸೋ ಆಫೀಸಿನ ಕೋಡೇ ಅವಕ್ಕೂ. ಹಾಗಾಗಿ ಒಂದು ಪಿನ್‌ಕೋಡ್ ಕೆಳಗೆ ಎಷ್ಟೋ ಹಳ್ಳಿ, ಗಡಿ ಹತ್ರ ಆದ್ರೆ ಕೆಲವು ಈ ತಾಲ್ಲೂಕು, ಕೆಲವು ಆ ತಾಲ್ಲೂಕು.

ಎಲ್ಲಕ್ಕಿಂತ ಚೆನ್ನಾಗಿರೋದು ಪುದುಚೇರಿ. ಆಡಳಿತ ಒಂದೇ, ಆದ್ರೆ ಪುದುಚೇರಿ ಊರು 605001, ಕೇರಳದ ಕರಾವಳಿಲಿರೋ ಮಾಹೆ 673310, ಆಂಧ್ರದ ಮಧ್ಯೆ ಇರೋ ಯಾನಂ 533464. ಮಾಹೆಗೆ ಕೋಳಿಕ್ಕೋಡ್ ಕಡೆಯ 673, ಯಾನಂಗಂತೂ ಮೊದಲ ಅಂಕಿನೇ ಬೇರೆ. ಸರ್ಕಾರಿ ಫೈಲು ಪುದುಚೇರಿಗೆ ಹೋದ್ರೂ ಮಾಹೆಯವರ ಕಾಗದ ಬರೋದು ಕೇರಳದ ದಾರೀಲೇ, ಇದ್ರಲ್ಲಿ ಅಂಚೆಯವರದ್ದೇನೂ ತಪ್ಪಿಲ್ಲ.

ಫಾರ್ಮ್ ಮಾಡೋರು ಪಿನ್‌ಕೋಡ್ ನೋಡಿ ಜಿಲ್ಲೆ ಸೂಚಿಸ್ಲಿ, ಬೇಡ ಅನ್ನಲ್ಲ, ಆದ್ರೆ ಆ ಡಬ್ಬಿಗೆ ಬೀಗ ಹಾಕಿ, ಬೂದು ಬಣ್ಣ ಬಳಿದು, ತಿದ್ದಕ್ಕೇ ಬಿಡದೆ ಕೂರಿಸ್ತಾರಲ್ಲ, ಅದಕ್ಕೇ ನನ್ನ ತಕರಾರು.