ಆಫೀಸಲ್ಲೇ ಲವ್ ಆದ್ರೆ, ಬ್ರೇಕಪ್ ಬಗ್ಗೆ ಮೊದ್ಲೇ ಮಾತಾಡಿ ಮಾರಾಯ್ರೆ

ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಒಬ್ಬ ಮೊನ್ನೆ ಚಾ ಕುಡಿಯುವಾಗ ಮೆಲ್ಲ ಕೇಳಿದ, ಅಣ್ಣ ಒಂದೇ ಟೀಮಲ್ಲಿ ಇರುವವ್ರು ಲವ್ ಮಾಡ್ಬಹುದಾ ಅಂತ. ಮಾಡ್ಬಹುದು ಮಾರಾಯ, ಯಾವ ಕಾನೂನೂ ಬೇಡ ಅಂತ ಹೇಳುದಿಲ್ಲ, ಆದ್ರೆ ನಿನ್ನ ಕಂಪನಿಯ ಪಾಲಿಸಿ ಒಮ್ಮೆ ಓದು ಅಂದೆ. ಅವನಿಗೆ ಪೂರ್ತಿ ಹೇಳ್ಲಿಕ್ಕೆ ಆಗ್ಲಿಲ್ಲ, ಹಾಗೆ ಇಲ್ಲಿ ಬರೀತಿದ್ದೇನೆ.

ನಂದೂ ಒಂದು ಕಥೆ ಉಂಟು. ಹಳೇ ಆಫೀಸು, ಒಂಬತ್ತು ಜನರ ಟೀಮು, ಅವಳೂ ನಾನೂ ಹದಿನಾಲ್ಕು ತಿಂಗಳು ಒಟ್ಟಿಗಿದ್ದೆವು. ಗುಟ್ಟಾಗಿ ಇಡ್ಬೇಕು ಅಂತ ಏನೆಲ್ಲ ಸರ್ಕಸ್ ಮಾಡಿದ್ದೆವು ಅಂದ್ರೆ ಬಸ್ಸಿಂದ ಇಳಿದು ಐದು ನಿಮಿಷ ಬಿಟ್ಟು ಒಬ್ಬೊಬ್ಬರೇ ಒಳಗೆ ಹೋಗುದು, ಕ್ಯಾಂಟೀನಲ್ಲಿ ಬೇರೆ ಬೇರೆ ಟೇಬಲ್. ಆದ್ರೆ ಮಂಗಳೂರಲ್ಲಿ ಗುಟ್ಟು ಅಂತ ಎಂತ ಉಂಟು? ಎರಡನೇ ಭಾನುವಾರವೇ ಪಣಂಬೂರು ಬೀಚಲ್ಲಿ ಚರ್ಮುರಿ ತಿನ್ನುವಾಗ ಅಕೌಂಟ್ಸಿನವ್ರು ಹೆಂಡ್ತಿ ಮಕ್ಕಳ ಸಮೇತ ಎದುರಿಗೆ ಬಂದ್ರು. ಮತ್ತೆ ಲೀವ್ ಶೀಟು. ಮೂರು ಸಲ ಇಬ್ಬರದ್ದೂ ಒಂದೇ ಶುಕ್ರವಾರ ಲೀವು, ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ದೈವದ ಕೋಲ. ಅದನ್ನು ನೋಡಿದವರಿಗೆ ಬೇರೆ ಸಾಕ್ಷಿ ಬೇಡ.

ಯಾರಿಗೂ ಗೊತ್ತಾಗ್ಬಾರ್ದು ಅಂತ ಒದ್ದಾಡುದು ವೇಸ್ಟು ಅಂತ ಆಗ ಅರ್ಥ ಆಯ್ತು. ಆಫೀಸ್ ಜಾಗದಲ್ಲಿ ಕೆಲಸದ್ದು ಮಾತ್ರ, ಕಂಪನಿ ಚಾಟಲ್ಲಿ ಒಂದು ಹಾರ್ಟ್ ಕೂಡ ಹಾಕ್ಬಾರ್ದು, ಯಾಕಂದ್ರೆ ಅದು ಕಂಪನಿಯ ಸಿಸ್ಟಮ್ಮು, ಬೇಕಾದ್ರೆ ಅವ್ರು ತೆಗೆದು ಓದ್ಬಹುದು. ಇಷ್ಟು ಇದ್ರೆ ಜನ ಎರಡು ದಿನ ಮಾತಾಡಿ ಸುಮ್ಮನಾಗ್ತಾರೆ.

ನಿಜವಾದ ತಲೆಬಿಸಿ ಬಂದದ್ದು ಅವಳು ಟೀಮ್ ಲೀಡ್ ಆದಾಗ. ನನ್ನ ರೇಟಿಂಗ್, ಶಿಫ್ಟ್, ಲೀವ್ ಅಪ್ರೂವಲ್ ಎಲ್ಲ ಅವಳ ಕೈಗೆ. ನಂಗೆ ಹಿಂದಿನ ವರ್ಷ ಐದರಲ್ಲಿ ನಾಲ್ಕು ಬಂದಿತ್ತು. ಈಗ ಅವಳು ನಾಲ್ಕು ಕೊಟ್ರೆ ಬಾಯ್‌ಫ್ರೆಂಡ್ ಅಂತ ಕೊಟ್ಟದ್ದು, ನಾಳೆ ಜಗಳ ಆಗಿ ಮೂರು ಕೊಟ್ರೆ ಸೇಡು ತೀರಿಸಿದ್ದು, ಅವಳು ಎಷ್ಟೇ ನ್ಯಾಯವಾಗಿ ಕೊಟ್ರೂ ಉಳಿದ ಏಳು ಜನ ನಂಬುದಿಲ್ಲ, ಅವರು ನಂಬದಿದ್ದದ್ದು ತಪ್ಪೂ ಅಲ್ಲ. ಕೊನೆಗೆ ಮೇಲಿನ ಹುದ್ದೆಯಲ್ಲಿ ಇರುವವ್ರೇ ಹೇಳುದು ಸರಿ ಅಂತ ಅವಳೇ ಮ್ಯಾನೇಜರಿಗೆ ಮೇಲ್ ಹಾಕಿದ್ಳು, ನನ್ನನ್ನು ಸಿಸಿಯಲ್ಲಿ ಇಟ್ಟು. ಮೂರೇ ಸಾಲು. ನಾವಿಬ್ಬರು ರಿಲೇಷನ್‌ಶಿಪ್ಪಲ್ಲಿ ಇದ್ದೇವೆ, ಇವರ ಅಪ್ರೈಸಲ್ ಮತ್ತು ಲೀವ್ ನಾನು ನೋಡುದು ಸರಿಯಲ್ಲ, ಬೇರೆ ಯಾರಿಗಾದ್ರೂ ಕೊಡಿ. ಯಾವಾಗಿಂದ, ಮದುವೆ ಆಗ್ತೀರಾ, ಅದೆಲ್ಲ ಬರೀಲಿಲ್ಲ, ಅವ್ರಿಗೆ ಬೇಕಾಗಿಯೂ ಇಲ್ಲ. ಒಂದು ವಾರದಲ್ಲಿ ನಾನು ಪಕ್ಕದ ಟೀಮ್ ಲೀಡಿಗೆ ರಿಪೋರ್ಟ್ ಮಾಡುವ ಹಾಗಾಯ್ತು.

ಅದೇ ವಾರ ಅವಳು ಇನ್ನೊಂದು ಮಾತು ತೆಗೆದ್ಳು, ಬಿಟ್ಟು ಹೋದ್ರೆ ಎಂತ ಮಾಡುದು? ನಂಗೆ ಸಿಟ್ಟು ಬಂತು, ಅಪಶಕುನ ಯಾಕೆ ಅಂತ. ಆದ್ರೂ ಮಾತಾಡಿದೆವು. ಬೇಡ ಅಂತ ಒಬ್ರು ಹೇಳಿದ್ರೆ ಅಲ್ಲಿಗೆ ಮುಗೀತು, ಟೀಮಿನ ಯಾರನ್ನೂ ಮಧ್ಯಸ್ಥಿಕೆಗೆ ಕಳಿಸ್ಬಾರ್ದು, ಕಾರಣ ಆಫೀಸಲ್ಲಿ ಯಾರಿಗೂ ಹೇಳ್ಬಾರ್ದು, ಆಮೇಲೆ ಕೆಲಸದ ವಿಷಯ ಮಾತ್ರ, ಅದೂ ಆಫೀಸ್ ಮೇಲಲ್ಲೇ.

ಮುಗಿದ ದಿನ ಹಂಪನಕಟ್ಟೆ ಹತ್ರ ಒಂದು ಐಸ್‌ಕ್ರೀಮ್ ಅಂಗಡಿಯಲ್ಲಿ ಕೂತಿದ್ದೆವು. ಗಡ್‌ಬಡ್ ಕರಗಿ ನೀರಾಗ್ತಾ ಇತ್ತು, ಅವಳು ಫೋನ್ ತೆಗೆದು ಸೆಟ್ಟಿಂಗ್ಸಿಗೆ ಹೋಗಿ ನನ್ನ ಬೆರಳಚ್ಚು ಡಿಲೀಟ್ ಮಾಡಿ ನಂಗೇ ತೋರಿಸಿದ್ಳು. ನಾನೂ ಅವಳ ಪಾಸ್‌ವರ್ಡ್ ಉಳಿದಿದ್ದ ಕಡೆಯೆಲ್ಲ ಲಾಗೌಟ್ ಮಾಡಿದೆ.

ಆದ್ರೆ ರೂಲ್ ಮುರಿದದ್ದು ನಾನೇ. ಒಂದು ವಾರ ತಡ್ಕೊಂಡೆ, ಮತ್ತೆ ರಾತ್ರಿ ಹನ್ನೊಂದಕ್ಕೆ ಊಟ ಆಯ್ತಾ ಅಂತ ವಾಟ್ಸಾಪ್. ರಿಪ್ಲೈ ಇಲ್ಲ. ಮರುದಿನ ಪುನಃ, ಹಾಗೆ ನಾಲ್ಕು ರಾತ್ರಿ. ಐದನೇ ದಿನ ಆಫೀಸ್ ಮೇಲಲ್ಲಿ ಬಂತು, ಕೆಲಸ ಬಿಟ್ಟು ಬೇರೆ ವಿಷಯಕ್ಕೆ ದಯವಿಟ್ಟು ಮೆಸೇಜ್ ಮಾಡ್ಬೇಡಿ ಅಂತ. ಆ 'ಮಾಡ್ಬೇಡಿ' ನೋಡಿ ಕೈ ತಣ್ಣಗಾಯ್ತು, ಅಷ್ಟು ದಿನ ಏಕವಚನ ಇದ್ದದ್ದು. ನಂಗೆ ಅದು ಬರೀ ನೆನಪು, ಅವಳಿಗೆ ದಿನಾ ಎದುರಿಗೆ ಕೂರುವ ಮನುಷ್ಯ ರಾತ್ರಿ ಮೆಸೇಜ್ ಮಾಡುದು. ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಪೋಷ್ ಕಾನೂನಲ್ಲಿ ಇಬ್ಬರ ಒಪ್ಪಿಗೆಯ ಪ್ರೀತಿ ಅಪರಾಧ ಅಲ್ಲ, ಆದ್ರೆ ಬೇಡ ಅಂದ ಮೇಲೂ ಲೈಂಗಿಕ ಅರ್ಥ ಬರುವ ಹಾಗೆ ಹಿಂದೆ ಬಿದ್ರೆ, ಮೊದಲು ಕೊಟ್ಟ ಒಪ್ಪಿಗೆ ಲೆಕ್ಕಕ್ಕೆ ಬರುದಿಲ್ಲ. ಹತ್ತು ಅಥವಾ ಜಾಸ್ತಿ ಜನ ಇರುವ ಆಫೀಸಲ್ಲಿ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರ್ಲೇಬೇಕು, ಮಹಿಳೆ ಕೊನೇ ಘಟನೆಯಿಂದ ಮೂರು ತಿಂಗಳೊಳಗೆ ದೂರು ಕೊಡ್ಬಹುದು. ಊಟದ ಮೆಸೇಜು ಅಲ್ಲಿವರೆಗೆ ಹೋಗ್ತಿತ್ತಾ ಗೊತ್ತಿಲ್ಲ, ಆದ್ರೆ ಅದು ಎಲ್ಲಿಗೆ ಹೋಗುವ ದಾರಿ ಅಂತ ಗೊತ್ತಾಯ್ತು. ಸಾರಿ ಅಂತ ಉದ್ದ ಬರೆದದ್ದನ್ನೂ ಅಳಿಸಿ, 'ಸರಿ, ಮಾಡುದಿಲ್ಲ' ಅಂತ ಮಾತ್ರ ಕಳಿಸಿದೆ.

ಮತ್ತೆ ಎಂಟು ತಿಂಗಳು ಅದೇ ಫ್ಲೋರಲ್ಲಿ ಕೆಲಸ ಮಾಡಿದೆವು. ಪ್ಯಾಂಟ್ರಿಯಲ್ಲಿ ಸಿಕ್ಕಿದ್ರೆ ಗುಡ್ ಮಾರ್ನಿಂಗ್, ಫೈಲ್ ಬೇಕಾದ್ರೆ ಮೇಲ್. ಅವಳ ಟೀಮಲ್ಲಿ ನಂಗೆ ಸರಿ ಹೊಂದುವ ಒಂದು ಒಳ್ಳೆ ಪೋಸ್ಟ್ ಖಾಲಿ ಆಯ್ತು, ಸಂಬಳವೂ ಜಾಸ್ತಿ ಇತ್ತು. ಅಪ್ಲೈ ಮಾಡ್ಲಿಲ್ಲ.